ಲೆಕ್ಕ ತಪ್ಪಿದ ಹತ್ತು ಮಾರ್ಫಿನ್ ಮಾತ್ರೆ

ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವ ಹಾದಿ ಸುಲಭವಾಯಿತು. ಆದರೆ ಒಂದೊಂದು ಮಾತ್ರೆಗೂ ಲೆಕ್ಕ ಇಡಲೇಬೇಕು.

ಆ ಲೆಕ್ಕ ಇರುವುದು ಬೀಗದ ಕಪಾಟಿನ ಪಕ್ಕದ ರಿಜಿಸ್ಟರಿನಲ್ಲಿ. ಪುಟಸಂಖ್ಯೆ ಹಾಕಿ ಹೊಲಿದ ಪುಸ್ತಕವಾದರೆ ಹಾಳೆ ಕಿತ್ತದ್ದು ತಿಳಿಯುತ್ತದೆ. ಹತ್ತು ಮಿಲಿಗ್ರಾಂ ಮಾತ್ರೆಗೆ ಒಂದು ಪುಟ, ಮೂವತ್ತಕ್ಕೆ ಇನ್ನೊಂದು. ಬಂದದ್ದು, ಯಾವ ರೋಗಿಗೆ ಯಾವ ವೈದ್ಯರ ಚೀಟಿಯ ಮೇಲೆ ಹೋದದ್ದು, ಉಳಿದದ್ದು, ಕೊಟ್ಟವರ ಸಹಿ, ಇಷ್ಟನ್ನೂ ಮಾತ್ರೆ ಕೈಬಿಟ್ಟ ಕ್ಷಣದಲ್ಲೇ ಬರೆಯಬೇಕು. ಸಂಜೆ ನೆನಪಿನಿಂದ ಬರೆದದ್ದನ್ನು ನಾನು ನಂಬುವುದಿಲ್ಲ.

ಶಿಲ್ಕು ತಾಳೆ ನೋಡುವಾಗ ಎಣಿಸುವವರಿಗೆ ಪುಸ್ತಕದ ಅಂಕಿ ಮೊದಲೇ ಕಾಣಬಾರದು. 260 ಎಂದು ಗೊತ್ತಿದ್ದವರ ಕಣ್ಣಿಗೆ 270 ಕೂಡ 260 ಆಗಿಯೇ ಕಾಣಬಹುದು. ಒಬ್ಬರು ಎಣಿಸಿ ಚೀಟಿಯಲ್ಲಿ ಬರೆಯಲಿ, ಇನ್ನೊಬ್ಬರು ಪುಸ್ತಕದೊಂದಿಗೆ ಹೋಲಿಸಲಿ.

ಹೀಗೆ ಎಣಿಸಿದ ಒಂದು ದಿನ ಹತ್ತು ಮಿಲಿಗ್ರಾಂ ಪುಟದಲ್ಲಿ 260, ಕಪಾಟಿನಲ್ಲಿ 270 ಇದೆ ಎನ್ನೋಣ. ಮೂವತ್ತರ ಪುಟದಲ್ಲಿ 140, ಕಪಾಟಿನಲ್ಲಿ 130. ಒಂದರಲ್ಲಿ ಹತ್ತು ಹೆಚ್ಚು, ಇನ್ನೊಂದರಲ್ಲಿ ಹತ್ತು ಕಮ್ಮಿ. ಒಟ್ಟು ಕೂಡಿದರೆ ಎರಡೂ ಕಡೆ 400. ಒಟ್ಟನ್ನಷ್ಟೇ ನೋಡಿದವರು ಸರಿಯಾಗಿದೆ ಎಂದು ಬೀಗ ಹಾಕಿಬಿಡುತ್ತಾರೆ. ಆದರೆ ಈ ಅಂಕಿಗಳು ಹೇಳುತ್ತಿರುವುದು ಬೇರೆ: ಹತ್ತರ ಸ್ಟ್ರಿಪ್ ಕೊಟ್ಟೆವೆಂದು ಬರೆದು ಮೂವತ್ತರದ್ದನ್ನು ಕೊಟ್ಟಿರುವ ಸಂಭವವೇ ಹೆಚ್ಚು. ಯಾರದೋ ಮನೆಯಲ್ಲಿ ರೋಗಿ ಮೂರು ಪಟ್ಟು ಮಾರ್ಫಿನ್ ನುಂಗುತ್ತಿರಬಹುದು, ಉಸಿರಾಟವೇ ನಿಧಾನವಾಗಬಹುದು. ಹಿಂದಿನ ಸಲ ತಾಳೆಯಾದ ದಿನದಿಂದೀಚೆಗೆ ಹತ್ತು ಮಾತ್ರೆ ಪಡೆದವರ ಚೀಟಿಗಳನ್ನು ತೆಗೆದು, ಮೊದಲು ಫೋನ್ ಮಾಡಬೇಕು, ವೈದ್ಯರಿಗೆ ತಿಳಿಸಬೇಕು. ಪುಸ್ತಕ ತಿದ್ದುವುದು ಆಮೇಲೆ.

ವ್ಯತ್ಯಾಸ ತಿರುಗುಮುರುಗಾಗಿದ್ದರೆ, ಅಂದರೆ ಹತ್ತು ಮಿಲಿಗ್ರಾಂ ಕಪಾಟಿನಲ್ಲಿ ಕಮ್ಮಿ, ಮೂವತ್ತು ಹೆಚ್ಚು ಇದ್ದರೆ, ಹೋದದ್ದು ಹತ್ತರ ಸ್ಟ್ರಿಪ್. ಚೀಟಿಯಲ್ಲೂ ಹತ್ತೇ ಇದ್ದರೆ ಅದು ಬರೀ ಬರವಣಿಗೆಯ ತಪ್ಪು. ಒಂದೇ ಪುಟದಲ್ಲಿ ಕೊರತೆ ಬಂದು ಅದಕ್ಕೆ ಜೋಡಿ ಎಲ್ಲೂ ಸಿಗದಿದ್ದರೆ, ಕೂಡಿಕಳೆಯುವಿಕೆ, ಬರೆಯದೆ ಬಿಟ್ಟ ನಮೂದು ಎಲ್ಲ ನೋಡಿಯೂ ಉತ್ತರ ಸಿಗದಿದ್ದರೆ, ಕಳವಿನ ಶಂಕೆಯನ್ನು ಮೇಲಿನವರಿಗೆ ಬರಹದಲ್ಲೇ ತಿಳಿಸಬೇಕು.

ಅಂಕಿ ಕೂಡಿಬರಲೆಂದು ಸುಳ್ಳು ನಮೂದು ಹಾಕುವವರು ಈ ಸುಳಿವನ್ನೇ ಅಳಿಸಿಬಿಡುತ್ತಾರೆ. ತಪ್ಪಿದ ಸಾಲಿನ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಇವತ್ತಿನ ದಿನಾಂಕದಲ್ಲಿ ಕಾರಣಸಹಿತ ಹೊಸ ಸಾಲು ಬರೆದು, ಇಬ್ಬರು ಸಹಿ ಮಾಡುವುದು ಸರಿ. ಬಿಳಿ ಬಣ್ಣ ಬಳಿಯುವಂತಿಲ್ಲ.

ತಪಾಸಣೆಗೆ ಬಂದ ಅಧಿಕಾರಿ ರಿಜಿಸ್ಟರಿನಿಂದಲೇ ಶುರುಮಾಡಬೇಕೆಂದಿಲ್ಲ. ಖರೀದಿ ಬಿಲ್ ಹಿಡಿದು, ಅದರ ಬ್ಯಾಚ್ ಸಂಖ್ಯೆ ಪುಸ್ತಕದಲ್ಲಿ ಎಲ್ಲಿದೆ ಎಂದು ಕೇಳಬಹುದು. ಅಲ್ಲಿಂದ ಚೀಟಿಗಳಿಗೆ, ಕೊನೆಗೆ ಕಪಾಟಿಗೆ. ಅವಧಿ ಮುಗಿದ ಮಾತ್ರೆಗಳು ಬೇರೆ ಡಬ್ಬಿಯಲ್ಲಿದ್ದರೂ ಅನುಮತಿಯೊಂದಿಗೆ ನಾಶವಾಗುವವರೆಗೆ ಅವು ಶಿಲ್ಕಿನಲ್ಲೇ ಇರಬೇಕು. ಎಣಿಸುವಾಗ ಆ ಡಬ್ಬಿಯನ್ನೂ ತೆರೆಯಬೇಕು.