ನಾಳೆ ನಾಡಿದ್ದು ಬರಕ್ಕಾಗಲ್ಲ ಅಕ್ಕ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರು ರಜೆ ಹೇಳುವುದು ಈಗ ಬಹುಪಾಲು ವಾಟ್ಸ್‌ಆ್ಯಪ್‌ನಲ್ಲಿ. ಟೈಪ್ ಮಾಡುವ ಅಭ್ಯಾಸ ಇಲ್ಲದವರು ಮೈಕಿನ ಗುರುತು ಒತ್ತಿಹಿಡಿದು ಮಾತಾಡಿ ಕಳಿಸಿಬಿಡುತ್ತಾರೆ. ಕೆಲಸ ಕೊಟ್ಟವರು ಪುಣೆಯಿಂದಲೋ ಲಖನೌದಿಂದಲೋ ಬಂದವರಾಗಿದ್ದರೆ ಅವರಿಗೆ ಕನ್ನಡ ಬಾರದು. ಪಾತ್ರೆ, ಕಸ, ನೆಲ ಒರೆಸುವುದೆಲ್ಲ ಕೈಸನ್ನೆಯಲ್ಲಿ, ಹರಕು ಹಿಂದಿಯಲ್ಲಿ ಹೇಗೋ ನಡೆದುಹೋಗುತ್ತದೆ. ರಜೆಯ ಮಾತು ಹಾಗಲ್ಲ. ಅದರಲ್ಲಿ ತಾರೀಕು ಇರುತ್ತದೆ, ಕಾರಣ ಇರುತ್ತದೆ, ಸಂಬಳದ ಪ್ರಶ್ನೆಯೂ ಇರುತ್ತದೆ. ಆಗ ಆ ಸಂದೇಶ ಪಕ್ಕದ ಮನೆಯ ಕನ್ನಡದವರ ಫೋನಿಗೆ ಬರುತ್ತದೆ: ಇದೇನು ಅಂತ ಸ್ವಲ್ಪ ಇಂಗ್ಲಿಷಿನಲ್ಲಿ ಬರೆದುಕೊಡಿ.

ಬರೆದುಕೊಡುವವರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಯಾರೋ ತೀರಿಕೊಂಡಿದ್ದಾರಂತೆ, ಮೂರು ದಿನ ಬರುವುದಿಲ್ಲವಂತೆ. ಆ ಸಾಲು ಸುಳ್ಳಲ್ಲದಿದ್ದರೂ ಸಾಲದು. ಯಾಕೆ ಸಾಲದು ಎಂಬುದನ್ನು ಒಂದು ಮಾದರಿ ಸಂದೇಶದಲ್ಲೇ ನೋಡಬಹುದು. ಮಳವಳ್ಳಿ ಕಡೆಯ ಹೆಂಗಸೊಬ್ಬರು ಗುರುವಾರ ರಾತ್ರಿ ಒಂಬತ್ತೂವರೆಗೆ ಹೀಗೆ ಹೇಳಿ ಕಳಿಸಿದ್ದಾರೆ ಎಂದುಕೊಳ್ಳೋಣ:

“ಅಕ್ಕ, ನಮ್ ದೊಡ್ಡಮ್ಮ ತೀರ್ಕೊಂಡ್ರು ಅಂತ ಸಾಯಂಕಾಲ ಫೋನ್ ಬಂತು. ಊರಿಗ್ ಹೊರಟ್‌ಬಿಟ್ಟೆ, ಬಸ್ಸಲ್ಲಿದೀನಿ. ನಾಳೆ ನಾಡಿದ್ದು ಬರಕ್ಕಾಗಲ್ಲ. ಮೂರ್ ದಿನಕ್ಕೆ ಹಾಲು ತುಪ್ಪ ಬಿಟ್ಟು ಬಂದ್‌ಬಿಡ್ತೀನಿ. ಹನ್ನೊಂದ್ ದಿನದ್ ತಿಥಿಗೆ ಇನ್ನೊಂದ್ ಸಲ ಹೋಗ್ಬೇಕು. ನಮ್ ಓರಗಿತ್ತಿಗೆ ಹೇಳಿದೀನಿ, ಆದ್ರೆ ಬಂದು ಪಾತ್ರೆ ಒಂದ್ ತೊಳ್ದು ಹೋಗ್ತಾಳೆ. ಬೇಜಾರ್ ಮಾಡ್ಕೋಬೇಡಿ ಅಕ್ಕ, ಸಂಬ್ಳ ಹಿಡೀಬೇಡಿ.”

ಇದನ್ನು ಕೇಳಿದ ತಕ್ಷಣ ಬರೆಯಲು ಕೂರಬಾರದು. ಮೊದಲು ಸಂದೇಶ ಹೊರಟ ಹೊತ್ತು ಯಾವುದೆಂದು ತಿಳಿದುಕೊಳ್ಳಬೇಕು. ಫಾರ್ವರ್ಡ್ ಆಗಿ ಬಂದ ಸಂದೇಶದ ಕೆಳಗೆ ಕಾಣುವುದು ಫಾರ್ವರ್ಡ್ ಮಾಡಿದ ಹೊತ್ತು. ಮೂಲ ಸಂದೇಶದ ಹೊತ್ತು ಕೆಲಸ ಕೊಟ್ಟವರ ಫೋನಿನಲ್ಲಿ ಇರುತ್ತದೆ. ಗುರುವಾರ ರಾತ್ರಿ ಹೇಳಿದ “ನಾಳೆ” ಶುಕ್ರವಾರ. ಅದೇ ಸಂದೇಶವನ್ನು ಶುಕ್ರವಾರ ಬೆಳಗ್ಗೆ ಕೇಳಿ ‘ಟುಮಾರೊ’ ಎಂದು ಬರೆದುಕೊಟ್ಟರೆ ಶನಿವಾರವಾಗಿಬಿಡುತ್ತದೆ. ಆ ಮನೆಯವರು ಇವತ್ತು ಬರುತ್ತಾರೆಂದು ಬಾಗಿಲು ನೋಡುತ್ತಾ ಕೂರುತ್ತಾರೆ, ಹೇಳದೆ ಕೇಳದೆ ಕೈಕೊಟ್ಟರು ಎಂಬ ಮಾತೂ ಹುಟ್ಟುತ್ತದೆ. ರಾತ್ರಿ ಹನ್ನೆರಡು ದಾಟಿದ ಮೇಲೆ ಕಳಿಸಿದ್ದರೆ ಇನ್ನೂ ತೊಡಕು. ಫೋನಿನ ಪ್ರಕಾರ ಶುಕ್ರವಾರ ಆಗಲೇ ಬಂದಿರುತ್ತದೆ, ನಿದ್ದೆಯಿಲ್ಲದೆ ಬಸ್ಸಿನಲ್ಲಿ ಕೂತವರಿಗೆ ಗುರುವಾರ ಇನ್ನೂ ಮುಗಿದಿರುವುದಿಲ್ಲ. ಅವರ “ನಾಳೆ” ಎಂದರೆ ಬೆಳಗಾದರೆ ಬರುವ ದಿನ. ಹೀಗಾಗಿ ಇಂಗ್ಲಿಷಿನಲ್ಲಿ ‘ಟುಮಾರೊ’ ಎಂದು ಬರೆಯುವ ಗೋಜಿಗೇ ಹೋಗದೆ ವಾರವನ್ನೂ ತಾರೀಕನ್ನೂ ಬರೆದುಬಿಡುವುದು ಕ್ಷೇಮ.

ಮುಂದಿನದು “ಮೂರು ದಿನ”. ಹಳೇ ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿ ಮಣ್ಣು ಮಾಡಿದ ಮೇಲೆ ಸಮಾಧಿಗೆ ಹಾಲು ತುಪ್ಪ ಬಿಡುವ ಕಾರ್ಯ ಇದೆ. ಪದಕ್ಕೆ ಪದ ಇಟ್ಟರೆ ಹಾಲನ್ನೂ ತುಪ್ಪವನ್ನೂ ಎಲ್ಲೋ ಬಿಟ್ಟು ಬರುತ್ತೇನೆ ಎಂದಂತಾಗಿ, ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ. ಸಮಾಧಿಯ ಬಳಿ ಮಾಡುವ ಮೂರನೇ ದಿನದ ಕಾರ್ಯ ಎಂದರೆ ಸಾಕು. ಆದರೆ ಮೂರನೇ ದಿನ ಯಾವುದು? ನಮ್ಮಲ್ಲಿ ಸಾವಿನ ದಿನವನ್ನೂ ಸೇರಿಸಿ ಎಣಿಸುವುದು ರೂಢಿ. ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ಹಾಲು ತುಪ್ಪದ ಕಾರ್ಯ ನಡೆದದ್ದು ನವೆಂಬರ್ 2ರಂದು, ಐದನೇ ದಿನ. ಹನ್ನೊಂದನೇ ದಿನದ ಕಾರ್ಯ ನವೆಂಬರ್ 8ರಂದು. 29ನ್ನು ಒಂದು ಎಂದು ಎಣಿಸಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಹಾಲು ತುಪ್ಪವನ್ನು ಕೆಲವರು ಮೂರಕ್ಕೆ, ಕೆಲವರು ಐದಕ್ಕೆ ಮಾಡುತ್ತಾರೆ ಎಂಬುದೂ ಇದರಿಂದ ಗೊತ್ತಾಗುತ್ತದೆ.

ನಮ್ಮ ಸಂದೇಶಕ್ಕೆ ಇದನ್ನು ಹಚ್ಚಿ ನೋಡೋಣ. ಸಾವು ಗುರುವಾರ, ಹಾಗಾಗಿ ಮೂರನೇ ದಿನ ಶನಿವಾರ. ಶುಕ್ರವಾರ ಮಣ್ಣಾಗಿ ಅಲ್ಲಿಂದ ಎಣಿಸುವ ಮನೆಯಾದರೆ ಭಾನುವಾರ. ಕಾರ್ಯ ಮುಗಿಸಿ ಊಟ ಮಾಡಿ ಬಸ್ಸು ಹತ್ತುವಾಗ ಸಂಜೆಯಾಗಿರುತ್ತದೆ. ಅಂದರೆ ಆಕೆ ಕೆಲಸಕ್ಕೆ ಬರುವುದು ಭಾನುವಾರ ಇರಬಹುದು, ಸೋಮವಾರವೂ ಇರಬಹುದು. ಇಂಗ್ಲಿಷಿನಲ್ಲಿ ‘ಆಫ್ಟರ್ ತ್ರೀ ಡೇಸ್’ ಎಂದು ಬರೆದರೆ ಓದುವವರು ಶುಕ್ರ, ಶನಿ, ಭಾನು ಕಳೆದು ಸೋಮವಾರ ಎಂದೇ ತಿಳಿಯುತ್ತಾರೆ. ಆಕೆ ಭಾನುವಾರವೇ ಬರುವವರಿದ್ದರೆ ಮನೆಗೆ ಬೀಗ ಹಾಕಿರಲೂಬಹುದು. ಇಲ್ಲಿ ಅನುವಾದ ಮಾಡುವವರು ಊಹಿಸಬಾರದು, ಕೇಳಬೇಕು. “ಯಾವ ವಾರ ಕೆಲಸಕ್ಕೆ ಬರ್ತೀರಿ?” ಎಂಬ ಒಂದು ಪ್ರಶ್ನೆ ವಾಪಸ್ ಕಳಿಸಿದರೆ ಸಾಕು. “ಸೋಮವಾರ ಬೆಳಗ್ಗೆ ಬರ್ತೀನಿ” ಎಂಬ ಉತ್ತರ ಬಂತೆನ್ನೋಣ. ಹನ್ನೊಂದನೇ ದಿನ ಮುಂದಿನ ವಾರದ ಭಾನುವಾರಕ್ಕೆ ಬೀಳುತ್ತದೆ. ಅದಕ್ಕೆ ಶನಿವಾರ ಹೊರಡಬೇಕಾದೀತು. ಅದನ್ನೂ ಈಗಲೇ ಬರೆದುಬಿಟ್ಟರೆ, ಆಮೇಲೆ ಮತ್ತೆ ರಜೆ ಕೇಳಿದಾಗ ಮನೆಯವರಿಗೆ ಅದು ಹೊಸದಾಗಿ ಕಾಣುವುದಿಲ್ಲ.

ಸಂಬಂಧದ ಮಾತುಗಳಲ್ಲೂ ಎಚ್ಚರ ಬೇಕು. ದೊಡ್ಡಮ್ಮ ಎಂದರೆ ತಾಯಿಯ ಅಕ್ಕ ಇರಬಹುದು, ದೊಡ್ಡಪ್ಪನ ಹೆಂಡತಿಯೂ ಇರಬಹುದು. ‘ಆಂಟ್’ ಎಂದು ಬರೆದರೆ ಅರ್ಥ ಸರಿಯೇ, ತೂಕ ಹೋಗುತ್ತದೆ. ಸಾವಿನ ರಜೆಯನ್ನು ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳಿಗಷ್ಟೇ ಕೊಡುವ ಕಂಪನಿಯಲ್ಲಿ ದುಡಿಯುವವರಿಗೆ ‘ಆಂಟ್’ ದೂರದ ನಂಟಾಗಿ ಕೇಳಿಸುತ್ತದೆ. ಇನ್ನು ದೊಡ್ಡಪ್ಪನ ಮಗನೂ ನಮಗೆ ಅಣ್ಣನೇ. ಎರಡು ಸಲ ‘ಬ್ರದರ್’ ಎಂದು ಬರೆದುಕೊಟ್ಟರೆ, ಒಬ್ಬನೇ ಅಣ್ಣ ಅಂದಿದ್ದಳಲ್ಲ, ಎಷ್ಟು ಜನ ಅಣ್ಣಂದಿರು ಎಂಬ ಅನುಮಾನ ಏಳುತ್ತದೆ. ಸುಳ್ಳು ಹೇಳಿ ರಜೆ ಹಾಕುತ್ತಾಳೆ ಎಂಬ ಆಪಾದನೆಗೆ ಹೀಗೊಂದು ದಾರಿಯೂ ಇದೆ. ಅದಕ್ಕೆ ಆಕೆಯ ಮಾತನ್ನು ಇದ್ದಂತೆ ಬರೆದು, ಕೆಳಗೆ ಬೇರೆ ಸಾಲಿನಲ್ಲಿ ವಿವರಣೆ ಕೊಡಬೇಕು: ಈ ಕಡೆ ದೊಡ್ಡಮ್ಮನ ಸಾವಿಗೆ ಹೋಗದಿರುವುದು ಆಗದ ಮಾತು. ಇದು ತನ್ನ ಮಾತು, ಆಕೆಯದಲ್ಲ ಎಂದು ಓದುವವರಿಗೆ ಗೊತ್ತಾಗುವಂತೆ ಇರಬೇಕು.

ಸಂದೇಶದ ಸಣ್ಣ ಮಾತುಗಳೇ ದೊಡ್ಡ ಜಗಳಕ್ಕೆ ಕಾರಣವಾಗುವುದುಂಟು. “ಆದ್ರೆ ಬಂದು” ಎಂಬಲ್ಲಿ ‘ಆದ್ರೆ’ ಎಂದರೆ ಅವಳಿಗೆ ಸಾಧ್ಯವಾದರೆ ಎಂದು. ಕನ್ನಡ ಅರ್ಧಂಬರ್ಧ ಬಲ್ಲವರು ಅದನ್ನು ‘ಬಟ್’ ಎಂದುಕೊಂಡು, ಓರಗಿತ್ತಿ ಖಂಡಿತ ಬರುತ್ತಾಳೆ ಎಂದು ಬರೆದುಬಿಡುತ್ತಾರೆ. “ಪಾತ್ರೆ ಒಂದ್ ತೊಳ್ದು” ಎಂದರೆ ಪಾತ್ರೆಯ ಕೆಲಸ ಮಾತ್ರ. ಕಸ, ನೆಲ, ಬಟ್ಟೆ ಇಲ್ಲ. ಎರಡನ್ನೂ ಸೇರಿಸಿ ಹೇಳಿದರೆ ಹೀಗಾಗುತ್ತದೆ: ಓರಗಿತ್ತಿ ಬರುವುದು ಖಚಿತವಿಲ್ಲ, ಬಂದರೆ ಪಾತ್ರೆ ಮಾತ್ರ. ಇಷ್ಟನ್ನು ಬರೆಯದೆ ‘ಬದಲಿಗೆ ಬೇರೆಯವರು ಬರುತ್ತಾರೆ’ ಎಂದರೆ ಆಕೆ ಕೊಡದ ಮಾತನ್ನು ಆಕೆಯ ಬಾಯಲ್ಲಿ ಇಟ್ಟಂತೆ.

ದನಿಯ ವಿಷಯದಲ್ಲಿ ಎರಡು ಕಡೆಯೂ ಜಾರಬಹುದು. “ಬರಕ್ಕಾಗಲ್ಲ” ಎಂಬುದನ್ನು ‘ನಾಟ್ ಕಮಿಂಗ್’ ಎಂದರೆ ಒರಟಾಗುತ್ತದೆ, ‘ಕಾಂಟ್ ಕಮ್’ ಎಂದರೆ ಸರಿಯಾಗುತ್ತದೆ. ಆಡುಮಾತಿನಲ್ಲಿ ನಾವು ದಯವಿಟ್ಟು ಎನ್ನುವುದು ಅಪರೂಪ. “ಅಕ್ಕ” ಎಂಬ ಕರೆಯಲ್ಲಿ, “ಮಾಡ್ಕೋಬೇಡಿ” ಎಂಬ ಬಹುವಚನದಲ್ಲಿ ಆ ಮರ್ಯಾದೆ ಸೇರಿಕೊಂಡಿರುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಒಂದು ‘ಪ್ಲೀಸ್’ ಸೇರಿಸುವುದು ನ್ಯಾಯವೇ. ಅದೇ ಹುಮ್ಮಸ್ಸಿನಲ್ಲಿ ‘ಕೈಂಡ್ಲಿ ಗ್ರಾಂಟ್ ಮಿ ಲೀವ್’ ಎಂದು ಅರ್ಜಿ ಬರೆದರೆ ತಪ್ಪಾಗುತ್ತದೆ. ಆಕೆ ಅಪ್ಪಣೆ ಕೇಳಿಲ್ಲ. ಆಗಲೇ ಬಸ್ಸಿನಲ್ಲಿದ್ದಾರೆ, ವಿಷಯ ತಿಳಿಸಿದ್ದಾರೆ. ಕೇಳಿಕೊಂಡಿರುವುದು ಎರಡೇ: ಬೇಜಾರು ಮಾಡಿಕೊಳ್ಳಬೇಡಿ, ಸಂಬಳ ಹಿಡಿಯಬೇಡಿ.

ಆ ಕೊನೆಯ ಮಾತನ್ನು ಎಷ್ಟೋ ಜನ ಅನುವಾದದಲ್ಲಿ ಬಿಟ್ಟುಬಿಡುತ್ತಾರೆ. ಸಾವಿನ ಸುದ್ದಿಯ ಜೊತೆಗೆ ದುಡ್ಡಿನ ಮಾತು ಯಾಕೆ ಎಂಬ ಸಂಕೋಚ ಅವರಿಗೆ. ಆದರೆ ಆಕೆ ಸಂಕೋಚ ಬಿಟ್ಟು ಹೇಳಿದ್ದಾರೆಂದರೆ ಹೇಳಲೇಬೇಕಾಗಿತ್ತು ಎಂದೇ ಅರ್ಥ. ತಿಂಗಳಿಗೆ 4,500 ರೂಪಾಯಿ ಕೊಡುವ ಮನೆಯಲ್ಲಿ ದಿನಕ್ಕೆ 150ರಂತೆ ಮೂರು ದಿನಕ್ಕೆ 450 ಹೋಗುತ್ತದೆ. ಅಂಥ ನಾಲ್ಕು ಮನೆಗಳಿದ್ದರೆ 1,800. ಅದರ ಮೇಲೆ ಬಸ್ಸಿನ ಖರ್ಚು, ಕಾರ್ಯದ ಖರ್ಚು. ಮನೆಗೆಲಸಕ್ಕೆ ಕರ್ನಾಟಕದಲ್ಲಿ 2004ರಲ್ಲೇ ಕನಿಷ್ಠ ಕೂಲಿ ನಿಗದಿಯಾಯಿತು. ಮನೆಗೆಲಸದವರಿಗೆ ವಾರಕ್ಕೆ ಇಪ್ಪತ್ತನಾಲ್ಕು ಗಂಟೆಯ ಬಿಡುವು ಇರಬೇಕೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ 2011ರಲ್ಲಿ ಬಂದರೂ ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಬಹುತೇಕ ಮನೆಗಳಲ್ಲಿ ರಜೆಯ ಲೆಕ್ಕ ನಿಂತಿರುವುದು ಬಾಯಿಮಾತಿನ ಮೇಲೆ. ಬರೆದ ಕರಾರು ಇಲ್ಲದ ಕಡೆ ಈ ಧ್ವನಿ ಸಂದೇಶವೂ ಅದರ ಇಂಗ್ಲಿಷೂ ಸೇರಿ ಕರಾರಾಗುತ್ತವೆ. ಅದರಿಂದ ಒಂದು ಮಾತು ಬಿಟ್ಟರೂ ಆಕೆಯ ಕೈಗೆ ಬರುವ ದುಡ್ಡು ಬದಲಾಗುತ್ತದೆ.

ಇಷ್ಟಾದ ಮೇಲೆ ಬರೆಯುವುದು ಕಷ್ಟವಲ್ಲ. ‘ಅವಳು ಹೀಗಂತಾಳೆ’ ಎಂದು ಬರೆಯದೆ, ಆಕೆಯೇ ಮಾತಾಡಿದಂತೆ ‘ಐ’ ಎಂದು ಬರೆದರೆ ಮರ್ಯಾದೆಯೂ ಉಳಿಯುತ್ತದೆ, ಗೊಂದಲವೂ ಇರುವುದಿಲ್ಲ. ಐದು ಸಾಲು ಸಾಕು: ನಮ್ಮ ದೊಡ್ಡಮ್ಮ ಗುರುವಾರ ತೀರಿಕೊಂಡರು, ಊರಿಗೆ ಹೊರಟಿದ್ದೇನೆ. ಶುಕ್ರ, ಶನಿ, ಭಾನು ಬರಲಾಗುವುದಿಲ್ಲ, ಸೋಮವಾರ ಬೆಳಗ್ಗೆ ಬರುತ್ತೇನೆ. ಹನ್ನೊಂದನೇ ದಿನದ ಕಾರ್ಯಕ್ಕೆ ಮುಂದಿನ ವಾರ ಇನ್ನೊಮ್ಮೆ ಹೋಗಬೇಕು. ಸಾಧ್ಯವಾದರೆ ನನ್ನ ಓರಗಿತ್ತಿ ಬಂದು ಪಾತ್ರೆ ಮಾತ್ರ ತೊಳೆಯುತ್ತಾಳೆ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ, ಈ ದಿನಗಳ ಸಂಬಳ ಹಿಡಿಯಬೇಡಿ. ಕಳಿಸುವ ಮುಂಚೆ ಇದನ್ನೇ ಆಕೆಗೆ ಕನ್ನಡದಲ್ಲಿ ಓದಿ, “ಹೀಗ್ ಬರ್ದಿದೀನಿ, ಸರೀನಾ?” ಎಂದು ಕೇಳಿಬಿಟ್ಟರೆ ಉಳಿದ ತಪ್ಪುಗಳೂ ಸಿಕ್ಕಿಬೀಳುತ್ತವೆ.

ಉತ್ತರವನ್ನು ಕನ್ನಡಕ್ಕೆ ತಂದು ಮುಟ್ಟಿಸುವುದೂ ಈ ಕೆಲಸದ ಅರ್ಧ. ಆ ಕಡೆಯಿಂದ ‘ಓಕೆ, ನೋ ಪ್ರಾಬ್ಲಮ್, ಟೇಕ್ ಕೇರ್’ ಎಂದು ಬರುತ್ತದೆ. ಮನಸ್ಸು ಒಳ್ಳೆಯದೇ, ಆದರೆ ಅದರಲ್ಲಿ ಸಂಬಳದ ಪ್ರಶ್ನೆಗೆ ಉತ್ತರ ಇಲ್ಲ. “ಆಯ್ತಂತೆ” ಎಂದು ಹೇಳಿಬಿಟ್ಟರೆ ಆಕೆ ಸಂಬಳ ಹಿಡಿಯುವುದಿಲ್ಲ ಎಂದುಕೊಳ್ಳುತ್ತಾರೆ, ಒಂದನೇ ತಾರೀಕು ದುಡ್ಡು ಕಡಿಮೆ ಬಂದಾಗ ನಂಬಿದ್ದು ತಪ್ಪಾಯಿತು ಅನ್ನಿಸುತ್ತದೆ. ಮೂರು ದಿನಕ್ಕೂ ಪೂರ್ತಿ ಸಂಬಳ ಕೊಡುತ್ತೀರಾ, ಓರಗಿತ್ತಿ ಬಂದರೆ ಅವಳಿಗೆ ನೀವು ಕೊಡುತ್ತೀರೋ ಇವರೇ ಕೊಡಬೇಕೋ ಎಂದು ಮನೆಯವರನ್ನು ಆಗಲೇ ಕೇಳಿ, ಬಂದ ಉತ್ತರ ಹೌದಾಗಲಿ ಅಲ್ಲವಾಗಲಿ, ಅದನ್ನು ಹಾಗೆಯೇ ಆಕೆಗೆ ಕನ್ನಡದಲ್ಲಿ ಹೇಳಿ ಕಳಿಸಬೇಕು. ಒಂದನೇ ತಾರೀಕು ಲೆಕ್ಕ ಮಾಡುವಾಗ ಇಬ್ಬರ ಫೋನಿನಲ್ಲೂ ಒಂದೇ ಮಾತು ಇರಬೇಕು.