ಮಗುವಿನ ಜನ್ಮಜಾತ ಕಾಯಿಲೆ: ವಿಮೆ ಎಲ್ಲಿ ಸಿಗುತ್ತದೆ, ಎಲ್ಲಿ ತಪ್ಪುತ್ತದೆ

ಹುಟ್ಟಿನಿಂದಲೇ ಬಂದ ದೋಷಗಳನ್ನು ಭಾರತದ ಆರೋಗ್ಯ ವಿಮಾ ಪಾಲಿಸಿಗಳು ಎರಡಾಗಿ ವಿಂಗಡಿಸುತ್ತವೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗದಲ್ಲಿದ್ದರೆ ಅದು ಬಾಹ್ಯ ದೋಷ, ದೇಹದೊಳಗಿದ್ದರೆ ಆಂತರಿಕ. ಸೀಳುತುಟಿ, ಸೊಟ್ಟಪಾದ, ಆರನೇ ಬೆರಳು ಮೊದಲನೆಯ ಗುಂಪಿನವು. ಹೃದಯದ ರಂಧ್ರ, ಮೂತ್ರಪಿಂಡದ ರಚನಾ ದೋಷ ಎರಡನೆಯವು. ಚಿಕಿತ್ಸೆಯ ತುರ್ತಿಗೂ ಈ ವಿಂಗಡಣೆಗೂ ಸಂಬಂಧವಿಲ್ಲ, ಆದರೆ ಕ್ಲೇಮಿನ ಹಣೆಬರಹ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಬಾಹ್ಯ ದೋಷದ ಚಿಕಿತ್ಸೆಯನ್ನು ಅನೇಕ ಪಾಲಿಸಿಗಳು ಶಾಶ್ವತವಾಗಿ ಹೊರಗಿಡುತ್ತವೆ. ಆಂತರಿಕ ದೋಷ ಹಾಗೂ ಆನುವಂಶಿಕ ಕಾಯಿಲೆಗಳನ್ನು ಹಾಗೆ ಸಾರಾಸಗಟಾಗಿ ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಹಿಂದಿನ ವರ್ಷ ದೆಹಲಿ ಹೈಕೋರ್ಟು, ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯ ಪ್ರಕರಣವೊಂದರಲ್ಲಿ, ಎಲ್ಲ ಆನುವಂಶಿಕ ಕಾಯಿಲೆಗಳನ್ನೂ ಒಂದೇ ಏಟಿಗೆ ಹೊರಗಿಡುವ ಷರತ್ತು ತಾರತಮ್ಯದಿಂದ ಕೂಡಿದೆ ಎಂದಿತ್ತು.

ಹೊರಗಿಡುವಂತಿಲ್ಲ ಎಂದರೆ ತಕ್ಷಣ ಹಣ ಸಿಗುತ್ತದೆ ಎಂದಲ್ಲ. ಕಾಯುವ ಅವಧಿ ವಿಧಿಸಲು ಕಂಪನಿಗೆ ಅವಕಾಶವಿದೆ. ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆಗೆ ಅದು ಗರಿಷ್ಠ 36 ತಿಂಗಳು. ಹುಟ್ಟಿನಿಂದಲೇ ಇರುವ ಕಾಯಿಲೆ ಪಾಲಿಸಿಗಿಂತ ಮುಂಚಿನದೇ ಅಲ್ಲವೇ ಎಂಬ ವಾದ ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಆದರೆ ನಿಯಮ ಲೆಕ್ಕ ಹಿಡಿಯುವುದು ಕಾಯಿಲೆ ಹುಟ್ಟಿದ ದಿನವನ್ನಲ್ಲ. ವೈದ್ಯರು ಅದನ್ನು ಗುರುತಿಸಿದ, ಅಥವಾ ಅದಕ್ಕಾಗಿ ಸಲಹೆ, ಚಿಕಿತ್ಸೆ ಕೊಟ್ಟ ದಿನವನ್ನು.

ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿರುವ ಮಗುವನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ವಿಎಸ್‌ಡಿ ಎಂದು ಕರೆಯುವ ಈ ದೋಷ ಹುಟ್ಟಿದ ದಿನ ಎಷ್ಟೋ ಸಲ ಪತ್ತೆಯಾಗುವುದಿಲ್ಲ. ಆಗ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿರುವುದರಿಂದ ರಂಧ್ರದ ಮೂಲಕ ರಕ್ತ ಜೋರಾಗಿ ನುಗ್ಗುವುದಿಲ್ಲ, ಸ್ಟೆತಸ್ಕೋಪಿಗೆ ಸದ್ದೂ ಕೇಳುವುದಿಲ್ಲ. ಕೆಲವು ವಾರಗಳಲ್ಲಿ ಆ ಒತ್ತಡ ಇಳಿದಂತೆ ಲಕ್ಷಣಗಳು ತಲೆಹಾಕುತ್ತವೆ. ಮಗು ಹಾಲು ಕುಡಿಯುವಾಗ ಹಣೆ ಬೆವರುತ್ತದೆ, ಮಧ್ಯೆ ಮಧ್ಯೆ ನಿಲ್ಲಿಸಿ ಏದುಸಿರು ಬಿಡುತ್ತದೆ, ತೂಕ ಏರುವುದಿಲ್ಲ.

ಇನ್ನೊಂದೆಡೆ, ಕುಟುಂಬದ ಫ್ಲೋಟರ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮಗುವನ್ನು ಸೇರಿಸಬಹುದಾದದ್ದು 91ನೇ ದಿನದಿಂದ. ಎರಡನೇ ತಿಂಗಳಲ್ಲೇ ಮಕ್ಕಳ ವೈದ್ಯರು ಚೀಟಿಯಲ್ಲಿ ಹೃದಯದ ಸದ್ದನ್ನು ದಾಖಲಿಸಿ ಎಕೋ ಮಾಡಿಸಿ ಎಂದು ಬರೆದಿದ್ದರೆ, ಅನಂತರ ಸೇರಿಸಿದ ಮಗುವಿಗೆ ಅದು ಮುಂಚೆಯೇ ಇದ್ದ ಕಾಯಿಲೆ. ದೊಡ್ಡ ರಂಧ್ರಕ್ಕೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಬೇಕಾಗುವುದರಿಂದ, ಮೂರು ವರ್ಷ ಕಾಯಿಸುವ ವಿಮೆ ಅಲ್ಲಿ ಇದ್ದೂ ಇಲ್ಲದಂತೆ. ಅದೇ ಮಗುವನ್ನು ನಾಲ್ಕನೇ ತಿಂಗಳಲ್ಲಿ ಸೇರಿಸಿ, ಸದ್ದು ಮೊದಲ ಬಾರಿ ಆರನೇ ತಿಂಗಳಲ್ಲಿ ಕೇಳಿಸಿದ್ದರೆ ಈ ಅಡ್ಡಿ ಇಲ್ಲ. ಆದರೂ ನಿಗದಿತ ಕಾಯಿಲೆಗಳ ಪಟ್ಟಿಯನ್ನು ಓದಬೇಕು. ಕೆಲವು ಪಾಲಿಸಿಗಳು ಆಂತರಿಕ ಜನ್ಮಜಾತ ದೋಷವನ್ನು ಎರಡು ವರ್ಷ ಕಾಯಬೇಕಾದ ಆ ಪಟ್ಟಿಗೆ ಸೇರಿಸಿರುತ್ತವೆ. ಹಳೆಯ ಚೀಟಿಯನ್ನು ಮುಚ್ಚಿಟ್ಟು ಸೇರಿಸುವುದು ದುಬಾರಿ ಜಾಣತನ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ರೋಗದ ಹಿನ್ನೆಲೆ ಪೂರ್ತಿ ಬರೆದಿರುತ್ತದೆ. ಅದು ಹೊರಬಿದ್ದರೆ ಕ್ಲೇಮಿನ ಜೊತೆ ಪಾಲಿಸಿಯೂ ಹೋಗಬಹುದು.

ತಂದೆ ಅಥವಾ ತಾಯಿಯ ಕಂಪನಿಯ ಗುಂಪು ವಿಮೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅನೇಕ ಗುಂಪು ಪಾಲಿಸಿಗಳಲ್ಲಿ ಮಗುವಿಗೆ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ, ಹಳೆಯ ಕಾಯಿಲೆಯ ಕಾಯುವ ಅವಧಿಯೂ ಇರುವುದಿಲ್ಲ. ಕಂಪನಿ ಹೇಳಿದ ಗಡುವಿನೊಳಗೆ ಮಗುವಿನ ಹೆಸರು ಸೇರಿಸುವುದೊಂದೇ ಷರತ್ತು. ಬಾಣಂತನದ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಅದೇ.

ಸೊಟ್ಟಪಾದದಂಥ ಬಾಹ್ಯ ದೋಷಕ್ಕೆ ಖಾಸಗಿ ವಿಮೆಯನ್ನು ನೆಚ್ಚಿಕೊಳ್ಳುವುದು ವ್ಯರ್ಥ. ವಾರವಾರ ಬದಲಿಸುವ ಪ್ಲಾಸ್ಟರ್‌ನಿಂದ ಪಾದವನ್ನು ನೇರ ಮಾಡುವ ಚಿಕಿತ್ಸೆ ಹೊರರೋಗಿ ವಿಭಾಗದಲ್ಲೇ ನಡೆಯುತ್ತದೆ. ಷರತ್ತು ಇಲ್ಲದಿದ್ದರೂ ಅದಕ್ಕೆ ಹಣ ಬರುವುದು ಕಷ್ಟ. ಸೀಳುತುಟಿ, ಸೊಟ್ಟಪಾದ, ಜನ್ಮಜಾತ ಕಿವುಡುತನ, ಹೃದಯದೋಷಗಳು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿವೆ. 18 ವರ್ಷದವರೆಗಿನ ಮಕ್ಕಳನ್ನು ತಪಾಸಿಸಿ ಉಚಿತ ಚಿಕಿತ್ಸೆಗೆ ಕಳಿಸುವ ಯೋಜನೆ ಅದು.

ಅಪರೂಪದ ಆನುವಂಶಿಕ ಕಾಯಿಲೆಗಳಲ್ಲಿ ತೊಡಕು ಬೇರೆ. ಗಾಷೆ ಕಾಯಿಲೆಗೆ ಕಿಣ್ವದ ಚುಚ್ಚುಮದ್ದು ಜೀವನಪೂರ್ತಿ ಬೇಕು, ಕ್ಲೇಮ್ ಒಪ್ಪಿದರೂ ವಿಮಾ ಮೊತ್ತ ಬೇಗ ಮುಗಿಯುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಇಂಥ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಅದು ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳ ಮೂಲಕವೇ ಸಿಗುತ್ತದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅಂಥದ್ದೊಂದನ್ನು ನಡೆಸುತ್ತವೆ.

ಕ್ಲೇಮ್ ತಿರಸ್ಕೃತವಾದರೆ ಯಾವ ಷರತ್ತಿನಡಿ ಎಂಬುದನ್ನು ಲಿಖಿತವಾಗಿ ಕೇಳಿ ಪಡೆದು, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಳಿ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಬೆಂಗಳೂರಿನಲ್ಲಿ ಅದರ ಕಚೇರಿಯಿದೆ. ವಿಎಸ್‌ಡಿಯಂಥ ಪ್ರಕರಣದಲ್ಲಿ ದೂರಿನೊಂದಿಗೆ ಲಗತ್ತಿಸಬೇಕಾದ ಮುಖ್ಯ ದಾಖಲೆಗಳು ಮೂರು: ಮಗುವನ್ನು ಪಾಲಿಸಿಗೆ ಸೇರಿಸಿದ ದಿನಾಂಕದ ಎಂಡಾರ್ಸ್‌ಮೆಂಟ್, ಹೃದಯದ ಸದ್ದು ಸಹಜವೆಂದು ನಮೂದಾಗಿರುವ ಹಳೆಯ ತಪಾಸಣಾ ಚೀಟಿ, ದೋಷ ಮೊದಲು ಕಂಡ ಎಕೋ ವರದಿ.