ಕಾರಿಗೆ ಜಾಗ, ಕಂಬಕ್ಕೆ ಕಷ್ಟ

2001ರ ಜನವರಿ 26ರ ಬೆಳಿಗ್ಗೆ ಕಛ್‌ನಲ್ಲಿ ನೆಲ ನಡುಗಿತು. ಭೂಕಂಪದ ಕೇಂದ್ರದಿಂದ ಅಹಮದಾಬಾದ್ 200 ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಆ ನಗರದಲ್ಲಿ ಹತ್ತಾರು ಅಪಾರ್ಟ್‌ಮೆಂಟ್‌ಗಳು ಕುಸಿದು ನೂರಾರು ಜನ ಸತ್ತರು. ಬಿದ್ದವುಗಳಲ್ಲಿ ಬಹಳಷ್ಟಕ್ಕೆ ಒಂದು ಸಾಮ್ಯವಿತ್ತು. ಮೇಲೆ ಇಟ್ಟಿಗೆ ಗೋಡೆಗಳ ಮನೆಗಳು, ಕೆಳಗೆ ವಾಹನ ನಿಲ್ಲಿಸಲು ಬರೀ ಕಂಬಗಳು.

ನಮ್ಮ ನಗರಗಳಲ್ಲೂ ‘ಸ್ಟಿಲ್ಟ್ ಪಾರ್ಕಿಂಗ್’ ಎಂದರೆ ಇದೇ. ಎಂಜಿನಿಯರುಗಳು ಇಂಥ ಕೆಳಮಹಡಿಯನ್ನು ‘ಸಾಫ್ಟ್ ಸ್ಟೋರಿ’ ಎನ್ನುತ್ತಾರೆ. ಇಲ್ಲಿ ಕಾಂಕ್ರೀಟು ಕಳಪೆಯಾಗಿರಬೇಕೆಂದೇನಿಲ್ಲ. ಮೇಲಿನ ಮಹಡಿಗಳಲ್ಲಿ ಕಂಬಗಳ ನಡುವೆ ತುಂಬಿದ ಗೋಡೆಗಳು ಚೌಕಟ್ಟನ್ನು ಅಲುಗದಂತೆ ಹಿಡಿದಿರುತ್ತವೆ. ಕೆಳಗೆ ಆ ಹಿಡಿತವಿಲ್ಲ. ನೆಲ ಅಡ್ಡಡ್ಡ ಅಲುಗಿದಾಗ ಮೇಲಿನ ನಾಲ್ಕು ಮಹಡಿಗಳು ಸ್ಟೂಲಿನ ಮೇಲಿಟ್ಟ ಬೀರುವಿನಂತೆ ಇಡಿಯಾಗಿ ಓಲಾಡುತ್ತವೆ. ಬಾಗುವ ಕೆಲಸವೆಲ್ಲ ಕೆಳಗಿನ ಕಂಬಗಳ ಪಾಲಿಗೆ ಬರುತ್ತದೆ.

ಒಂದು ಮಹಡಿಯ ನೆಲಕ್ಕೆ ಹೋಲಿಸಿದರೆ ಅದರ ಚಾವಣಿ ಪಕ್ಕಕ್ಕೆ ಎಷ್ಟು ಸರಿಯಿತು ಎಂಬುದೇ ‘ಸ್ಟೋರಿ ಡ್ರಿಫ್ಟ್’. ಭೂಕಂಪದ ವಿನ್ಯಾಸಕ್ಕೆ ಭಾರತದಲ್ಲಿ ಬಳಸುವ ಐಎಸ್ 1893 ಸಂಹಿತೆ, 2016ರ ಪರಿಷ್ಕರಣೆಯಲ್ಲಿ, ಇದಕ್ಕೆ ಮಹಡಿಯ ಎತ್ತರದ 0.004 ಪಾಲಿನ ಮಿತಿ ಹಾಕಿದೆ. ಅಂದರೆ 3 ಮೀಟರ್ ಎತ್ತರದ ಮಹಡಿಗೆ 12 ಮಿಲಿಮೀಟರ್.

ಒಂದು ಮಾದರಿ ಕಟ್ಟಡದ ಲೆಕ್ಕ ಹಾಕಿ ನೋಡಬಹುದು. ಪಾರ್ಕಿಂಗ್ ಮೇಲೆ ನಾಲ್ಕು ಮಹಡಿ, 230x450 ಮಿಲಿಮೀಟರಿನ ಹದಿನಾರು ಕಂಬ, ಎಂ25 ಕಾಂಕ್ರೀಟು, ಬುಡದಲ್ಲಿ ಸುಮಾರು 40 ಟನ್ ಪಕ್ಕದ ತಳ್ಳು. ಕಂಬಗಳ ಎರಡೂ ತುದಿ ಬಿಗಿಯಾಗಿವೆ ಎಂದುಕೊಂಡು, ಬಿರುಕು ಬಿಟ್ಟ ಕಂಬ ಕಳೆದುಕೊಳ್ಳುವ ಬಿಗಿತವನ್ನೂ ಸಂಹಿತೆ ಹೇಳುವಷ್ಟು ಕಳೆದು, ಅವು ಸುಲಭವಾಗಿ ಬಾಗುವ ದಿಕ್ಕಿನಲ್ಲಿ ಲೆಕ್ಕ ಮಾಡಿದರೆ 3 ಮೀಟರ್ ಎತ್ತರಕ್ಕೆ ಡ್ರಿಫ್ಟ್ ಸುಮಾರು 7 ಮಿಲಿಮೀಟರ್. ಮಿತಿಯೊಳಗೇ ಇದೆ.

ಆದರೆ ಪಾರ್ಕಿಂಗ್‌ನ ಕಂಬ ನೆಲಮಟ್ಟದಿಂದ ಶುರುವಾಗುವುದಿಲ್ಲ, ಮಣ್ಣಿನೊಳಗಿನ ಫುಟಿಂಗ್‌ನಿಂದ ಶುರುವಾಗುತ್ತದೆ. ನೆಲಮಟ್ಟದಲ್ಲಿ ಕಂಬಗಳನ್ನು ಕಟ್ಟಿಹಾಕುವ ಪ್ಲಿಂತ್ ಬೀಮ್ ಇಲ್ಲದಿದ್ದರೆ ಬಾಗುವ ಉದ್ದ 3 ಮೀಟರಲ್ಲ, 4.2 ಮೀಟರ್ ಎಂದಿಟ್ಟುಕೊಳ್ಳಿ. ಎತ್ತರ ಬೆಳೆದಂತೆ ಬಿಗಿತವು ಎತ್ತರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಹಾಗಾಗಿ ಅದೇ ಕಂಬದ ಬಿಗಿತ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಡ್ರಿಫ್ಟ್ ಸುಮಾರು 19 ಮಿಲಿಮೀಟರ್ ಆಗುತ್ತದೆ. ಆ ಎತ್ತರಕ್ಕೆ ಮಿತಿ 16.8. ಸೈಟಿನಲ್ಲಿ ಒಂದು ಬೀಮ್ ಕೈಬಿಟ್ಟದ್ದಕ್ಕೆ ಇಷ್ಟು ಬೆಲೆ.

ಇದೂ ಸೌಮ್ಯವಾದ ಅಂಕಿಯೇ. ಸಂಹಿತೆಯ ವಿನ್ಯಾಸ ಬಲವು ಕಟ್ಟಡ ನಿಜವಾಗಿ ಎದುರಿಸಬಹುದಾದ ಬಲದ ಒಂದು ಪಾಲು ಮಾತ್ರ. ಉಳಿದದ್ದನ್ನು ಕಬ್ಬಿಣ ಎಳೆದುಕೊಂಡು ಬಾಗಿ ತಾಳಿಕೊಳ್ಳಲಿ ಎಂಬ ಲೆಕ್ಕಾಚಾರ. ದೊಡ್ಡ ಭೂಕಂಪದಲ್ಲಿ ಸರಿತ ಹಲವು ಪಟ್ಟು ಹೆಚ್ಚಬಹುದು. ಚಾವಣಿ ಅಷ್ಟು ಪಕ್ಕಕ್ಕೆ ಜರುಗಿದಾಗ ಮೇಲಿನ ಭಾರವೇ ಕಂಬವನ್ನು ಇನ್ನಷ್ಟು ಬಾಗಿಸುತ್ತದೆ. ಕಂಬದ ರಿಂಗುಗಳು ದೂರದೂರ ಇದ್ದರೆ, ತುದಿಗಳನ್ನು 135 ಡಿಗ್ರಿ ಒಳಕ್ಕೆ ಮಡಚಿರದಿದ್ದರೆ, ತಲೆ ಮತ್ತು ಬುಡದ ಕಾಂಕ್ರೀಟು ಸಿಡಿದು ಉದ್ದದ ಸರಳುಗಳು ಹೊರಕ್ಕೆ ಬಾಗುತ್ತವೆ.

ಮೋಸ ಹೋಗುವ ಜಾಗ ಇನ್ನೊಂದಿದೆ, ಅದು ಕಂಪ್ಯೂಟರ್ ಪರದೆ. ವಿನ್ಯಾಸ ಮಾಡುವಾಗ ಗೋಡೆಯನ್ನು ತೂಕವಾಗಿ ಮಾತ್ರ ಹೇರಿ, ಅದರ ಬಿಗಿತವನ್ನು ಬಿಟ್ಟುಬಿಡುವ ರೂಢಿ ಬಹಳ ಕಾಲದ್ದು. ಆಗ ಎಲ್ಲ ಮಹಡಿಗಳೂ ಬೋಳು ಚೌಕಟ್ಟುಗಳೇ. ಮೇಲೂ ಕೆಳಗೂ ಡ್ರಿಫ್ಟ್‌ನಲ್ಲಿ ಹೆಚ್ಚೇನೂ ಅಂತರ ಕಾಣುವುದಿಲ್ಲ, ಸಾಫ್ಟ್ ಸ್ಟೋರಿಯ ಸುಳಿವೇ ಸಿಗುವುದಿಲ್ಲ, ವರದಿಯಲ್ಲಿ ಎಲ್ಲವೂ ಪಾಸು. ನಿಜವಾದ ಕಟ್ಟಡದಲ್ಲಿ ಗೋಡೆಯಿದೆ, ಅದು ಮೇಲಿನ ಮಹಡಿಗಳ ಸರಿತವನ್ನು ತೀರಾ ಕಡಿಮೆ ಮಾಡುತ್ತದೆ. ಕಟ್ಟಡ ಒಟ್ಟಾರೆ ಬಿಗಿಯಾದಷ್ಟೂ ಅದು ಸೆಳೆದುಕೊಳ್ಳುವ ಬಲವೂ ಸಾಮಾನ್ಯವಾಗಿ ಹೆಚ್ಚು. ಆ ಹೆಚ್ಚಿನ ಬಲ ಹೊರಬೇಕಾದದ್ದು ಮತ್ತೆ ಕೆಳಗಿನ ಬೋಳು ಕಂಬಗಳೇ. ಹಾಗಾಗಿ ಡ್ರಿಫ್ಟ್ ಮಿತಿ ದಾಟಿಲ್ಲ ಎಂಬ ಒಂದು ಸಾಲಿನ ಭರವಸೆಗೆ, ಗೋಡೆಗಳನ್ನು ಲೆಕ್ಕಕ್ಕೆ ಹಿಡಿದಿದ್ದೀರಾ ಎಂದು ಕೇಳದೆ ಬೆಲೆ ಕೊಡಬಾರದು.

ಸಂಹಿತೆಯ ಬಿಗಿ ಕೂಡ ಹೆಚ್ಚುತ್ತ ಬಂದಿದೆ. 2002ರಲ್ಲಿ, ಮೇಲಿನ ಮಹಡಿಯ ಬಿಗಿತದ ಶೇ. 70ಕ್ಕಿಂತ ಕಡಿಮೆಯಿದ್ದರೆ ಸಾಫ್ಟ್ ಸ್ಟೋರಿ ಎನ್ನಲಾಗುತ್ತಿತ್ತು. ಅಲ್ಲಿನ ಕಂಬ, ಬೀಮ್‌ಗಳನ್ನು ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸ ಮಾಡುವುದು ಒಂದು ದಾರಿಯಾಗಿತ್ತು. 2016ರಲ್ಲಿ, ಮೇಲಿನದಕ್ಕಿಂತ ಬಿಗಿತ ಕಡಿಮೆಯಾದರೂ ಸಾಕು, ಅದು ಸಾಫ್ಟ್ ಸ್ಟೋರಿಯೇ. ತೆರೆದ ಮಹಡಿಗೆ ಕಾಂಕ್ರೀಟಿನ ಶಿಯರ್ ವಾಲ್ ಅಥವಾ ಓರೆ ಬಂಧಗಳನ್ನು ಕೊಟ್ಟು, ಅದರ ಬಿಗಿತ ಮೇಲಿನ ಮಹಡಿಯ ಶೇ. 80ನ್ನೂ ತಾಳುವ ಶಕ್ತಿ ಶೇ. 90ನ್ನೂ ಮೀರುವಂತೆ ಮಾಡಬೇಕು.

ಈಗಾಗಲೇ ನಿಂತಿರುವ ಕಟ್ಟಡಕ್ಕೂ ಇದೇ ಚಿಕಿತ್ಸೆ ಸಾಧ್ಯ. ಕಂಬಗಳಿಗೆ ಕಾಂಕ್ರೀಟಿನ ಜಾಕೆಟ್ ತೊಡಿಸಬಹುದು, ಕೆಲವು ಕಂಬಗಳ ನಡುವೆ ಗೋಡೆ ಎರಕ ಹೊಯ್ಯಬಹುದು, ಉಕ್ಕಿನ ಓರೆಗಳನ್ನು ಜೋಡಿಸಬಹುದು. ಒಂದೆರಡು ಕಾರಿನ ಜಾಗ ಹೋಗಬಹುದು. ಹೊಸ ಗೋಡೆಗೆ ತಕ್ಕ ಫುಟಿಂಗ್ ಬೇಕು, ಮತ್ತು ಗೋಡೆಗಳು ಎದುರುಬದುರು ಬದಿಗಳಲ್ಲಿ ಸಮನಾಗಿರಬೇಕು. ಕಾರು ತಿರುಗಿಸಲು ಅನುಕೂಲವೆಂದು ಎಲ್ಲವನ್ನೂ ಹಿಂದಿನ ಬದಿಗೇ ಹಾಕಿದರೆ ಕಟ್ಟಡ ಅಲುಗುವಾಗ ತಿರುಚಿಕೊಳ್ಳುತ್ತದೆ, ರಸ್ತೆಯ ಬದಿಯ ಮೂಲೆ ಕಂಬಗಳ ಡ್ರಿಫ್ಟ್ ಮೊದಲಿಗಿಂತ ಹೆಚ್ಚಲೂಬಹುದು.